ಪುಕ್ಕಟೆ ಪ್ರಮಾಣಪತ್ರಕ್ಕೆ ಎಷ್ಟು ತೂಕ?

ಸಾಗರದಲ್ಲಿರುವ ತಂಗಿಯ ಮಗಳು ಬಿಸಿಎ ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ಡೇಟಾಬೇಸ್ ನೋಡಿಕೊಳ್ಳುವ ಕಿರಿಯ ಹುದ್ದೆಯೊಂದಕ್ಕೆ ಅರ್ಜಿ ಹಾಕುವ ಮೊದಲು ಫೋನ್ ಮಾಡಿದಳು. 'ಮಾವ, ಆನ್‌ಲೈನ್‌ನಲ್ಲಿ ಪುಕ್ಕಟೆ ಎಸ್‌ಕ್ಯೂಎಲ್ ಕೋರ್ಸ್ ಮುಗಿಸಿದ್ದೇನೆ. ಸರ್ಟಿಫಿಕೇಟೂ ಬಂದಿದೆ. ಇದನ್ನು ರೆಸ್ಯೂಮೆಯಲ್ಲಿ ಹಾಕಿದರೆ ಏನಾದರೂ ಪ್ರಯೋಜನ ಇದೆಯಾ?'

ನಾನು ಬೆಂಗಳೂರಿನಲ್ಲಿ ಇಂಥ ಹುದ್ದೆಗಳಿಗೇ ಸಂದರ್ಶನ ಮಾಡುವವನು. 'ಪರೀಕ್ಷೆ ಯಾರು ಮಾಡಿದರು?' ಎಂದು ಕೇಳಿದೆ. ಪ್ರತಿ ಪಾಠದ ಕೊನೆಗೆ ಹತ್ತು ಪ್ರಶ್ನೆ, ತಪ್ಪಾದರೆ ಪಾಸಾಗುವ ತನಕ ಮತ್ತೆ ಉತ್ತರಿಸಬಹುದು, ಅಷ್ಟೇ ಅಂದಳು. ಅಂಥ ಕಾಗದದಿಂದ ನಮಗೆ ಗೊತ್ತಾಗುವುದು ಒಂದೇ: ಈ ಹುಡುಗಿ ಕೋರ್ಸನ್ನು ಅರ್ಧಕ್ಕೆ ಬಿಡಲಿಲ್ಲ. ಬಿಕಾಂ ಓದಿದವರು ಈ ಕೆಲಸಕ್ಕೆ ಅರ್ಜಿ ಹಾಕಿದಾಗ ಅದಕ್ಕೂ ಸ್ವಲ್ಪ ಬೆಲೆಯಿದೆ, ಇವರಿಗೆ ಇದರಲ್ಲಿ ನಿಜವಾದ ಆಸಕ್ತಿ ಇದೆ ಎಂದು ತಿಳಿಯುತ್ತದೆ. ಬಿಸಿಎ ಓದಿದವಳಿಗೆ ಅಷ್ಟೂ ಇಲ್ಲ.

ಪುಕ್ಕಟೆ ಅಂದ ಮಾತ್ರಕ್ಕೆ ಎಲ್ಲವೂ ಹೀಗಲ್ಲ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠ ಪುಕ್ಕಟೆ, ಶುಲ್ಕ ಇರುವುದು ಪರೀಕ್ಷೆಗೆ ಮಾತ್ರ. ಆ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಕುಳಿತು ಬರೆಯಬೇಕು. ಅದಕ್ಕೆ 75 ಅಂಕ, ಮನೆಯಲ್ಲಿ ಮಾಡುವ ವಾರದ ಅಸೈನ್‌ಮೆಂಟುಗಳಿಗೆ 25. ಪರೀಕ್ಷೆಯಲ್ಲಿ ಕನಿಷ್ಠ 30, ಅಸೈನ್‌ಮೆಂಟಿನಲ್ಲಿ ಕನಿಷ್ಠ 10 ಬಂದರೆ ಮಾತ್ರ ಪ್ರಮಾಣಪತ್ರ. ಎರಡೂ ಅಂಕಗಳು ಅದರ ಮೇಲೆ ಬೇರೆಬೇರೆಯಾಗಿಯೇ ಅಚ್ಚಾಗಿರುತ್ತವೆ, ನನ್ನ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಅಸೈನ್‌ಮೆಂಟಿಗೆ 24, ಪರೀಕ್ಷೆಗೆ 34 ಇದ್ದರೆ ಮನೆಯಲ್ಲಿ ಯಾರದೋ ನೆರವು ಸಿಕ್ಕಿರಬಹುದೆಂಬ ಅನುಮಾನ ಬರುತ್ತದೆ. 18 ಮತ್ತು 60 ಇದ್ದರೆ ಆ ಅಭ್ಯರ್ಥಿಯನ್ನು ಖಂಡಿತ ಕರೆಸುತ್ತೇನೆ.

ಆದರೂ ಕರೆಸುವುದು ಬೇರೆ, ಕೆಲಸಕ್ಕೆ ತೆಗೆದುಕೊಳ್ಳುವುದು ಬೇರೆ. ತಂಗಿಯ ಮನೆಯವರದು ಗೊಬ್ಬರದ ಅಂಗಡಿ. ಅಲ್ಲಿನ ಬಿಲ್ ಪುಸ್ತಕವನ್ನೇ ಎರಡು ಟೇಬಲ್ ಮಾಡಿಕೊಳ್ಳಲು ಅವಳಿಗೆ ಹೇಳಿದೆ: ಒಂದರಲ್ಲಿ ಗ್ರಾಹಕರು, ಇನ್ನೊಂದರಲ್ಲಿ ಬಿಲ್ಲುಗಳು. ಆಮೇಲೆ ಒಂದೇ ಪ್ರಶ್ನೆ ಕೊಟ್ಟೆ. 2024ರ ಜೂನ್ 1ರಿಂದ ಈಚೆಗೆ ಒಂದು ಚೀಲವನ್ನೂ ಒಯ್ಯದ ಗಿರಾಕಿಗಳು ಯಾರು? ಅವಳು ಹೀಗೆ ಬರೆದಳು:

```sql
SELECT c.name
FROM customers c
LEFT JOIN bills b ON b.customer_id = c.id
WHERE b.bill_date >= '2024-06-01'
  AND b.id IS NULL;
```

ಪಟ್ಟಿ ಖಾಲಿ ಬಂತು. ತಪ್ಪಿನ ಸಂದೇಶವೇನೂ ಬರಲಿಲ್ಲ. 'ಹಾಗಾದರೆ ಎಲ್ಲರೂ ಬಂದಿದ್ದಾರೆ' ಅಂದುಕೊಂಡಳು. ಪಕ್ಕದಲ್ಲಿದ್ದ ಅವಳ ಅಪ್ಪ, 'ಎಲ್ಲಿ ಬಂದಿದಾರೆ, ಆ ಆನಂದಪುರದ ಕಡೆಯವರು ಈ ವರ್ಷ ಮುಖಾನೇ ತೋರಿಸಿಲ್ಲ' ಎಂದರು. ಆಗ ಅವಳಿಗೆ ಅನುಮಾನ ಬಂತು. ಬಿಲ್ಲೇ ಇಲ್ಲದ ಗಿರಾಕಿಗೆ ಬಿಲ್ಲಿನ ತಾರೀಖೂ ಇರುವುದಿಲ್ಲ. `WHERE`ನಲ್ಲಿ ತಾರೀಖು ಕೇಳಿದರೆ ನಾವು ಹುಡುಕುತ್ತಿರುವವರೇ ಹೊರಗೆ ಬೀಳುತ್ತಾರೆ. ತಾರೀಖಿನ ಷರತ್ತನ್ನು `ON` ಸಾಲಿಗೆ ಸರಿಸಿದ ಮೇಲೆ ಹೆಸರುಗಳು ಬಂದವು. ಇದನ್ನು ಕಂಡುಕೊಳ್ಳಲು ಅವಳಿಗೆ ಒಂದು ಸಂಜೆ ಪೂರ್ತಿ ಬೇಕಾಯಿತು.

ಸಂದರ್ಶನದಲ್ಲಿ ನಾವು ಹುಡುಕುವುದು ಇದನ್ನೇ. ಖಾಲಿ ಪಟ್ಟಿ ಕಂಡಾಗ ಅದನ್ನು ನಂಬುತ್ತಾರೋ, ಅನುಮಾನಿಸುತ್ತಾರೋ? ಮುಂದೆ ಕಂಪನಿಯ ಲೆಕ್ಕದಲ್ಲಿ ಇದೇ ತಪ್ಪಾದರೆ ಅದನ್ನು ಗುರುತಿಸಲು ಅಪ್ಪ ಪಕ್ಕದಲ್ಲಿ ಇರುವುದಿಲ್ಲ. ಎನ್‌ಪಿಟಿಇಎಲ್‌ನ 60 ಅಂಕವೂ ಇದನ್ನು ಪೂರ್ತಿಯಾಗಿ ಹೇಳಲಾರದು.

ಇನ್ನೊಂದು ಮಾತು. ಸರ್ಕಾರಿ ಅಧಿಸೂಚನೆಯಲ್ಲಿ ಇಂಥದೇ ವಿದ್ಯಾರ್ಹತೆ ಬೇಕೆಂದು ಬರೆದಿದ್ದರೆ, ಎಷ್ಟೇ ಒಳ್ಳೆಯ ಆನ್‌ಲೈನ್ ಪ್ರಮಾಣಪತ್ರವೂ ಆ ಜಾಗವನ್ನು ತುಂಬದು. ಅರ್ಜಿ ಶುಲ್ಕ ಕಟ್ಟುವ ಮೊದಲು ಆ ಸಾಲನ್ನು ಎರಡು ಸಲ ಓದಿ.

ತಂಗಿಯ ಮಗಳು ಎರಡೇ ದಿನದಲ್ಲಿ ಹೊಸ ರೆಸ್ಯೂಮೆ ಕಳಿಸಿದಳು. ಅಂಗಡಿಯ ಬಿಲ್ ಪುಸ್ತಕದ ಕೆಲಸ ಮೊದಲ ಸಾಲಿನಲ್ಲಿದೆ, ಖಾಲಿ ಪಟ್ಟಿಯ ಕಥೆಯೂ ಸೇರಿ. ಕೋರ್ಸಿನ ಹೆಸರು ಕೊನೆಯ ಸಾಲಿನಲ್ಲಿದೆ.