ಮೂಲೆಯಲ್ಲಿ ಮುಗಿಯದ ಲೆಕ್ಕ

ಜೋಸೆಕಿಗಳನ್ನು ಉರು ಹೊಡೆದವನ ಆಟ ಎರಡು ಕಾಯಿಯಷ್ಟು ಕೆಳಗಿಳಿಯುತ್ತದೆ ಎಂಬ ಹಳೆಯ ಎಚ್ಚರಿಕೆ ಜಪಾನಿನ ಗೋ ಆಟಗಾರರಲ್ಲಿದೆ. ಗೋ ಆಟದಲ್ಲಿ ಬಲಹೀನನಿಗೆ ಆರಂಭದಲ್ಲೇ ಮಣೆಯ ಮೇಲೆ ಕೆಲವು ಕಾಯಿಗಳನ್ನು ಇಟ್ಟುಕೊಳ್ಳಲು ಬಿಡುವ ರೂಢಿಯಿರುವುದರಿಂದ ಎರಡು ಕಾಯಿಯ ಇಳಿತ ಸಣ್ಣದೇನೂ ಅಲ್ಲ. ಮೂಲೆಯೊಂದರಲ್ಲಿ ಇಬ್ಬರೂ ಒಳ್ಳೆಯ ನಡೆಗಳನ್ನೇ ಆಡಿದರೆ ಆಟ ಹೇಗೆ ಸಾಗುತ್ತದೆಯೋ ಆ ಕ್ರಮಕ್ಕೆ ಜೋಸೆಕಿ ಎಂದು ಹೆಸರು. ಶತಮಾನಗಳ ಕಾಲ ಪರಿಣತರು ಆಡಿ, ತಿದ್ದಿ, ಒಪ್ಪಿದ ಕ್ರಮಗಳಿವು. ಹಾಗಿದ್ದ ಮೇಲೆ ಒಳ್ಳೆಯ ನಡೆಗಳನ್ನು ಕಲಿತವನು ಕೆಟ್ಟದಾಗಿ ಆಡುವುದು ಹೇಗೆ? ಕಲಿಕೆಯ ಆರಂಭದ ತೊಡಕು ಎಂದು ಇದನ್ನು ತಳ್ಳಿಹಾಕುವುದುಂಟು. ನನ್ನ ಮಟ್ಟಿಗೆ ಕಾರಣ ಜೋಸೆಕಿಯ ಸ್ವಭಾವದಲ್ಲೇ ಇದೆ. ಜೋಸೆಕಿ ಮುಗಿದಾಗ ಇಬ್ಬರಿಗೂ ಸಮಪಾಲು ಎನ್ನುತ್ತಾರಲ್ಲ, ಆ ಸಮಪಾಲಿನ ಒಂದು ಭಾಗ ಮಾತ್ರ ಮೂಲೆಯಲ್ಲಿರುತ್ತದೆ. ಉಳಿದದ್ದು ಇನ್ನೂ ಖಾಲಿಯಿರುವ ಮಣೆಯಲ್ಲಿರುತ್ತದೆ. ನಡೆಗಳನ್ನಷ್ಟೇ ಅನುಕರಿಸುವವನ ಕೈಗೆ ಮೊದಲಿನದು ಸಿಗುತ್ತದೆ, ಎರಡನೆಯದು ತಪ್ಪಿಹೋಗುತ್ತದೆ.

ಇದನ್ನು ನೋಡಲು ಬಹಳ ಜಟಿಲವಾದ ಜೋಸೆಕಿ ಬೇಕಿಲ್ಲ. ಹೊಸಬರು ಎಲ್ಲಕ್ಕಿಂತ ಮೊದಲು ಎದುರಿಸುವ, ಎಲ್ಲಕ್ಕಿಂತ ಸರಳವಾದ ಒಂದು ಸಾಕು. ಮಣೆಯಲ್ಲಿ ಅಡ್ಡಕ್ಕೆ 19, ಉದ್ದಕ್ಕೆ 19 ಗೆರೆಗಳಿವೆ. ಕಾಯಿ ಇಡುವುದು ಗೆರೆಗಳು ಕೂಡುವಲ್ಲಿ. ಕೆಳಗಿನ ಎಡಮೂಲೆಯಲ್ಲಿ ಎರಡೂ ಅಂಚುಗಳಿಂದ ನಾಲ್ಕನೆಯ ಗೆರೆಗಳು ಕೂಡುವ ಕಡೆ, ನಕ್ಷತ್ರಬಿಂದುವೆಂದು ಕರೆಯುವ ಜಾಗದಲ್ಲಿ, ಕಪ್ಪಿನ ಕಾಯಿ ಇದೆಯೆಂದು ಇಟ್ಟುಕೊಳ್ಳಿ. ಬಿಳಿ ಅದರ ಬೆನ್ನ ಹಿಂದೆ, ಮೂರನೆಯ ಗೆರೆಗಳು ಕೂಡುವಲ್ಲಿ ಕಾಯಿ ಇಟ್ಟು ಮೂಲೆಗೆ ನುಗ್ಗುತ್ತದೆ. ಕಪ್ಪು ತಡೆಯಲೇಬೇಕು. ತಡೆಯುವುದಕ್ಕೆ ಎರಡು ಜಾಗಗಳಿವೆ: ಬಿಳಿ ಕಾಯಿಯ ಮೇಲ್ಗಡೆ ಇಟ್ಟರೆ ಎಡ ಅಂಚಿನ ದಾರಿ ಮುಚ್ಚುತ್ತದೆ, ಅದರ ಬಲಕ್ಕೆ ಇಟ್ಟರೆ ಕೆಳ ಅಂಚಿನ ದಾರಿ ಮುಚ್ಚುತ್ತದೆ. ಯಾವ ದಾರಿ ತೆರೆದಿದೆಯೋ ಅತ್ತ ಬಿಳಿ ಮೂರನೆಯ ಗೆರೆಯಲ್ಲಿ ತೆವಳುತ್ತದೆ, ಕಪ್ಪು ಅದರ ಹೊರಗಡೆ ನಾಲ್ಕನೆಯ ಗೆರೆಯಲ್ಲಿ ಚಾಚಿಕೊಳ್ಳುತ್ತದೆ. ಕೊನೆಗೆ ಬಿಳಿಗೆ ಮೂಲೆಯ ನೆಲ, ಕಪ್ಪಿಗೆ ಹೊರಮುಖದ ಗೋಡೆ.

ಎಡಕ್ಕೆ ತಡೆದರೂ ಕೆಳಕ್ಕೆ ತಡೆದರೂ ಮೂಲೆಯೊಳಗಿನ ಚಿತ್ರ ಕನ್ನಡಿಯಲ್ಲಿ ಕಂಡಂತೆ ಒಂದೇ. ಜೋಸೆಕಿ ಪುಸ್ತಕಕ್ಕೆ ಇವೆರಡರ ನಡುವೆ ವ್ಯತ್ಯಾಸವಿಲ್ಲ, ಇರಲು ಸಾಧ್ಯವೂ ಇಲ್ಲ. ಈಗ ಉಳಿದ ಮಣೆಯನ್ನು ಸ್ವಲ್ಪ ತುಂಬೋಣ. ಎಡ ಅಂಚಿನ ನಡುಭಾಗದಲ್ಲಿ ಕಪ್ಪಿನದೇ ಒಂದು ಕಾಯಿ ಮೊದಲಿನಿಂದ ಇದೆ. ಕೆಳಗಿನ ಬಲಮೂಲೆ ಬಿಳಿಯದು, ಕೆಳ ಅಂಚಿನ ನಡುವೆಯೂ ಬಿಳಿ ಕಾಯಿ ನಿಂತಿದೆ. ಕಪ್ಪು ಎಡಗಡೆಯ ದಾರಿಯನ್ನು ಮುಚ್ಚಿದರೆ ಬಿಳಿ ಬಲಕ್ಕೆ, ಅಂದರೆ ತನ್ನದೇ ಕಾಯಿಗಳ ಕಡೆಗೆ, ತಗ್ಗಿನಲ್ಲಿ ತೆವಳುತ್ತದೆ. ಬಿಳಿಯದೇ ಆಗಲಿದ್ದ ಜಾಗಕ್ಕೆ ಇನ್ನಷ್ಟು ಬಿಳಿ ಸೇರಿತು, ಅಷ್ಟೆ. ಕಪ್ಪಿನ ಗೋಡೆ ಮೇಲಕ್ಕೆ ಮುಖ ಮಾಡಿ ನಿಲ್ಲುತ್ತದೆ. ಎಡ ಅಂಚಿನಲ್ಲಿ ಒಂಟಿಯಾಗಿದ್ದ ಕಾಯಿ ಆ ಗೋಡೆಯ ಜೊತೆ ಸೇರಿ ವಿಶಾಲವಾದ ಅಂಗಳಕ್ಕೆ ಇನ್ನೊಂದು ಕಂಬವಾಗುತ್ತದೆ. ಅದೇ ಕಪ್ಪು ಕೆಳಗಡೆ ತಡೆದಿದ್ದರೆ ಬಿಳಿ ಎಡ ಅಂಚಿನಲ್ಲಿ ಮೇಲಕ್ಕೆ ತೆವಳುತ್ತ ಕಪ್ಪಿನ ಒಂಟಿ ಕಾಯಿಯ ಕಾಲಬುಡಕ್ಕೇ ಬರುತ್ತಿತ್ತು. ಗೋಡೆ ಬಲಕ್ಕೆ ಮುಖ ಮಾಡುತ್ತಿತ್ತು. ಅಲ್ಲಿ ಬಿಳಿ ಆಗಲೇ ಬೀಡುಬಿಟ್ಟಿರುವುದರಿಂದ ಆ ಗೋಡೆಗೆ ಕಾಯಲು ಏನೂ ಇರುತ್ತಿರಲಿಲ್ಲ. ಎರಡೂ ಸಲ ಕಪ್ಪು ಒಂದು ನಡೆಯನ್ನೂ ತಪ್ಪಾಗಿ ಆಡಿಲ್ಲ. ಆದರೆ ಎರಡನೆಯ ಸಲ ಅದು ಹಿಂದೆ ಬಿದ್ದಿದೆ.

ಗೋಡೆಯ ಬೆಲೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಹೊಸಬರು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಮೂಲೆಯಲ್ಲಿ ಬಿಳಿ ಪಡೆದದ್ದನ್ನು ಬೆರಳಿಟ್ಟು ಎಣಿಸಬಹುದು. ಹತ್ತರ ಆಸುಪಾಸಿನ ಅಂಕಗಳು. ಕಪ್ಪಿನ ಗೋಡೆಯ ಹಿಂದೆ ಎಣಿಸಲು ಏನೂ ಇಲ್ಲ. ಆ ಹತ್ತು ಅಂಕಗಳಿಗೆ ಸಮನಾದುದು ಕಪ್ಪಿಗೆ ಬರಬೇಕಾದರೆ ಗೋಡೆಯನ್ನು ಮುಂದಿನ ನೂರು ನಡೆಗಳಲ್ಲಿ ದುಡಿಸಿಕೊಳ್ಳಬೇಕು. ಅದಕ್ಕೂ ಅಳತೆಗಳಿವೆ. ಅಂಚಿನ ಬಳಿ ಎರಡು ಕಾಯಿ ಎತ್ತರದ ಗೋಡೆಯಿಂದ ಮೂರು ಮನೆ ಬಿಟ್ಟು, ಮೂರು ಕಾಯಿ ಎತ್ತರದ್ದಾದರೆ ನಾಲ್ಕು ಮನೆ ಬಿಟ್ಟು ಮುಂದಿನ ಕಾಯಿ ಇಡಬೇಕೆಂಬುದು ಸಾಮಾನ್ಯ ಲೆಕ್ಕ. ಗೋಡೆ ಎತ್ತರವಾದಷ್ಟೂ ಹೆಜ್ಜೆ ದೂರ. ಹೊಸಬನು ಭಯದಿಂದ ಗೋಡೆಗೆ ಅಂಟಿಕೊಂಡೇ ಎರಡು ಮನೆ ಆಚೆ ಕಾಯಿ ಇಟ್ಟು ನಾಲ್ಕಾರು ಅಂಕದ ಓಣಿಯೊಂದನ್ನು ಕಟ್ಟಿಕೊಳ್ಳುತ್ತಾನೆ. ಬಲ್ಲವನು ಗೋಡೆಯ ಪಕ್ಕ ನೆಲ ಕಟ್ಟಲು ಹೋಗುವುದೇ ಇಲ್ಲ. ಎದುರಾಳಿಯ ಬಲಹೀನ ಕಾಯಿಗಳನ್ನು ದೂರದಿಂದ ಗೋಡೆಯತ್ತ ಅಟ್ಟಿಕೊಂಡು ಬಂದು, ಅವು ಪ್ರಾಣ ಉಳಿಸಿಕೊಳ್ಳಲು ಒದ್ದಾಡುತ್ತಿರುವಾಗ ಮತ್ತೊಂದು ಕಡೆ ನೆಲ ಗಳಿಸುತ್ತಾನೆ. ಜೋಸೆಕಿ ಪುಸ್ತಕದ ಕೊನೆಯ ಚಿತ್ರದ ಕೆಳಗೆ ಇಬ್ಬರಿಗೂ ಸಮ ಎಂದು ಬರೆದಿರುವುದು ಈ ಬಲ್ಲವನನ್ನು ಮನಸ್ಸಿನಲ್ಲಿಟ್ಟುಕೊಂಡು. ಗೋಡೆಯನ್ನು ದುಡಿಸಲು ಬಾರದವನಿಗೆ ಅದೇ ಚಿತ್ರ ಹತ್ತು ಅಂಕಗಳ ನಷ್ಟ. ಎರಡು ಕಾಯಿಯ ಇಳಿತ ಎಲ್ಲಿಂದ ಬಂತೆಂಬುದು ಇಲ್ಲಿ ಕಾಣುತ್ತದೆ: ಮೊದಲು ಅವನು ಅಡ್ಡಾದಿಡ್ಡಿಯಾಗಿ ಆಡುತ್ತಿದ್ದರೂ ಯೋಚಿಸಿ ಆಡುತ್ತಿದ್ದ, ಈಗ ಮೂಲೆಯಲ್ಲಿರುವಷ್ಟು ಹೊತ್ತು ಯೋಚನೆಯನ್ನೇ ನಿಲ್ಲಿಸಿದ್ದಾನೆ.

ಜೋಸೆಕಿಯ ಬೆಲೆ ಮೂಲೆಯ ಹೊರಗಿದೆ ಎಂಬುದಕ್ಕೆ ಇತಿಹಾಸದಲ್ಲೂ ಪುರಾವೆ ಇದೆ. ಹತ್ತೊಂಬತ್ತನೆಯ ಶತಮಾನದ ಮಹಾ ಆಟಗಾರ ಹೊನಿನ್‌ಬೊ ಶೂಸಾಕು (1829–1862) ಕಪ್ಪು ಕಾಯಿ ಹಿಡಿದಾಗ, ತನ್ನ ಮೂಲೆಯ ಕಾಯಿಯ ಹತ್ತಿರ ಬಂದ ಬಿಳಿಗೆ ಉತ್ತರವಾಗಿ ಓರೆಯಾಗಿ ಒಂದೇ ಹೆಜ್ಜೆ ಮುಂದಿಡುತ್ತಿದ್ದ. ಆ ನಡೆ ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಆಗ ಮೊದಲು ಆಡುವ ಕಪ್ಪು ಆ ಅನುಕೂಲಕ್ಕೆ ಪ್ರತಿಯಾಗಿ ಏನನ್ನೂ ಕೊಡಬೇಕಿರಲಿಲ್ಲ; ನಿಧಾನವಾಗಿ, ಗಟ್ಟಿಯಾಗಿ ಆಡಿ ಮೊದಲ ನಡೆಯ ಲಾಭವನ್ನು ಕೊನೆಯವರೆಗೆ ಕಾಪಾಡಿಕೊಂಡರೆ ಗೆಲುವು ಸಿಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಎರಡನೆಯದಾಗಿ ಆಡುವ ಬಿಳಿಗೆ ಪರಿಹಾರದ ಅಂಕ ಕೊಡುವ ಕೊಮಿ ಪದ್ಧತಿ ಬಂತು. ಅದು ಇಂದು ಜಪಾನಿನಲ್ಲಿ 6.5, ಚೀನಾದಲ್ಲಿ 7.5. ಕೊಮಿ ಬಂದ ಮೇಲೆ ಕಪ್ಪಿಗೆ ನಿಧಾನ ಕಷ್ಟವಾಯಿತು, ಶೂಸಾಕುವಿನ ಓರೆ ಹೆಜ್ಜೆ ಸೋಮಾರಿ ನಡೆ ಎನಿಸಿಕೊಂಡಿತು. ಈಚಿನ ವರ್ಷಗಳಲ್ಲಿ ವೃತ್ತಿಪರರು ಬೇರೆ ಕಾರಣಗಳಿಗಾಗಿ ಅದನ್ನು ಮತ್ತೆ ಆಡುತ್ತಿದ್ದಾರೆ. ಇಷ್ಟೆಲ್ಲ ಆಗುವಾಗ ಮೂಲೆಯಲ್ಲಿದ್ದ ಆ ಮೂರು ಕಾಯಿಗಳು ಒಂದು ಗೆರೆಯಷ್ಟೂ ಕದಲಿರಲಿಲ್ಲ.

ಮೇಲೆ ವಿವರಿಸಿದ ಮೂಲೆ ನುಗ್ಗುವಿಕೆಗೂ ಹೀಗೇ ಆಗಿದೆ. ಹಳೆಯ ಪಾಠದ ಪ್ರಕಾರ ಬಿಳಿ ತೆವಳಿದ ಮೇಲೆ ಮೂಲೆಯ ಇನ್ನೊಂದು ಬದಿಗೆ ಹೋಗಿ, ಎರಡನೆಯ ಗೆರೆಯಲ್ಲಿ ಓರೆಯಾಗಿ ಕಾಯಿ ಚಾಚಿ, ಕಪ್ಪು ತಡೆದಾಗ ಹಿಂದೆ ಸರಿದು ಜೋಡಿಸಿಕೊಳ್ಳಬೇಕಿತ್ತು. ಕಪ್ಪು ತನ್ನ ಸಂದನ್ನು ಕಾಯ್ದುಕೊಳ್ಳುತ್ತಿತ್ತು. ಈ ಕೊಡುಕೊಳ್ಳುವಿಕೆ ಜೋಸೆಕಿಯ ಅಂಗವೇ ಎಂದು ತಲೆಮಾರುಗಳು ಕಲಿತವು. ಈಗಿನ ವೃತ್ತಿಪರರು ಬಹಳ ಸಲ ಅದನ್ನು ಆಡದೆ ಬಿಟ್ಟು ಬೇರೆ ಕಡೆ ಹೋಗುತ್ತಾರೆ. ಕಾರಣ ಸರಳ. ಬಿಳಿಗೆ ಅದರಿಂದ ಸಿಗುವುದು ನಾಲ್ಕಾರು ಅಂಕ. ಕಪ್ಪಿಗೆ ಸಿಗುವುದು ಬಿರುಕಿಲ್ಲದ ಗೋಡೆ. ಬಿಟ್ಟರೆ ಮುಂದೊಮ್ಮೆ ಕಪ್ಪೇ ಆ ಬದಿಯಿಂದ ಮೂಲೆಯನ್ನು ಒತ್ತಬಹುದು, ಆದರೆ ಅಲ್ಲಿಯವರೆಗೆ ಗೋಡೆಯಲ್ಲಿ ಸಂದು ಉಳಿದಿರುತ್ತದೆ. ಆ ನಡೆಗಳು ಏಕಿವೆ ಎಂದು ತಿಳಿದವನು ಅವನ್ನು ಯಾವಾಗ ಆಡಬೇಕು, ಯಾವಾಗ ತಡೆಹಿಡಿಯಬೇಕು ಎಂದು ತಾನೇ ನಿರ್ಧರಿಸಬಲ್ಲ. ಉರು ಹೊಡೆದವನು ಹಳೆಯ ಉರುವಿನ ಜಾಗದಲ್ಲಿ ಹೊಸ ಉರುವನ್ನು ತಂದಿಟ್ಟುಕೊಳ್ಳಬಲ್ಲ, ಅಷ್ಟೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಮಗು ವ್ಯಾಕರಣ ಕಲಿತು ಮಾತಾಡುವುದಿಲ್ಲ, ಕೇಳಿದ್ದನ್ನು ಹೇಳಿ ಹೇಳಿ ಕಲಿಯುತ್ತದೆ. ಗೋ ಆಟದಲ್ಲೂ ಮೊದಲು ಕೈಗೆ ರೂಢಿಯಾಗಲಿ, ಅರ್ಥ ಆಮೇಲೆ ಬರುತ್ತದೆ ಎಂಬುದು. ಅನುಕರಣೆಯಿಂದ ಕಲಿಯಲಾಗದು ಎಂದು ನಾನೂ ಹೇಳುತ್ತಿಲ್ಲ. ಒಂದು ಗುಂಪು ಬದುಕುತ್ತದೋ ಸಾಯುತ್ತದೋ ಎಂಬ ಸಮಸ್ಯೆಗಳನ್ನು ಬಾಯಿಪಾಠವಾಗುವಷ್ಟು ಬಿಡಿಸುವುದು ಒಳ್ಳೆಯದೇ, ಏಕೆಂದರೆ ಅಲ್ಲಿ ಉತ್ತರ ಸಾಮಾನ್ಯವಾಗಿ ಆ ಗುಂಪಿನ ಸುತ್ತಲೇ ಪೂರ್ಣವಾಗಿರುತ್ತದೆ. ಹಿರಿಯರ ಪೂರ್ತಿ ಆಟಗಳನ್ನು ಮಣೆಯ ಮೇಲೆ ಮರಳಿ ಇಡುವ ಅಭ್ಯಾಸ ಜಪಾನಿನಲ್ಲಿ ಹಳೆಯದು. ಅದೂ ಅನುಕರಣೆಯೇ, ಆದರೆ ಅಲ್ಲಿ ಮೂಲೆಯ ನಡೆಯ ಜೊತೆಗೆ ಅದು ಫಲ ಕೊಟ್ಟ ಐವತ್ತನೆಯ ನಡೆಯೂ ಕಣ್ಣೆದುರಿಗೆ ಬರುತ್ತದೆ. ಮಗು ಕೂಡ ಮಾತನ್ನು ಕಲಿಯುವುದು ಸನ್ನಿವೇಶದ ಸಮೇತವೇ. ಜೋಸೆಕಿ ಪುಸ್ತಕ ಮಾತ್ರ ಮೂಲೆಯನ್ನು ಮಣೆಯಿಂದ ಕತ್ತರಿಸಿ ತೋರಿಸುತ್ತದೆ. ಚದುರಂಗದ ಆರಂಭಗಳನ್ನು ಕಲಿತವರಿಗೆ ಈ ಭೇದ ಹೊಳೆಯದೆ ಹೋಗುವುದು ಸಹಜ: ಅಲ್ಲಿ ಪ್ರತಿ ಆಟವೂ ಅದೇ ಜೋಡಣೆಯಿಂದ, ಪೂರ್ತಿ ಮಣೆಯ ಮೇಲೆ ಶುರುವಾಗುತ್ತದೆ. ಗೋ ಮೂಲೆಯ ನಡೆ ಮಣೆಯ ಕಾಲುಭಾಗದಲ್ಲಿ ನಡೆಯುವಾಗ ಉಳಿದ ಮುಕ್ಕಾಲು ಪ್ರತಿ ಸಲವೂ ಬೇರೆ. ಮೆಟ್ಟಿಲು ಮೆಟ್ಟಿಲಾಗಿ ಅಟ್ಟಿ ಕಾಯಿ ಹಿಡಿಯುವ ಲೆಕ್ಕವನ್ನು ನಂಬಿ ನಿಂತ ಜೋಸೆಕಿಗಳಲ್ಲಿ ಕರ್ಣದ ಎದುರುಮೂಲೆಯಲ್ಲಿರುವ ಒಂದೇ ಒಂದು ಕಾಯಿ ಫಲಿತಾಂಶವನ್ನು ತಿರುಗಿಸಿಬಿಡುತ್ತದೆ.

ಜೋಸೆಕಿ ಗೊತ್ತಿಲ್ಲದ ಹೊಸಬನು ಮೂಲೆಯಲ್ಲೇ ಮಣ್ಣುಮುಕ್ಕುತ್ತಾನೆ ಎಂಬುದು ಇನ್ನೊಂದು ಆಕ್ಷೇಪ. ವಾಸ್ತವ ಅಷ್ಟು ಕಠೋರವಾಗಿಲ್ಲ. ಜೋಸೆಕಿಯಿಂದ ಸ್ವಲ್ಪ ಸರಿದ ನಡೆ ಸಾಮಾನ್ಯವಾಗಿ ಒಂದೆರಡು ಅಂಕದಷ್ಟು ಹಿಂದೆ ಬೀಳಿಸುತ್ತದೆ. ಹೊಸಬರ ಆಟಗಳಲ್ಲಿ ಇಡೀ ಗುಂಪುಗಳೇ ಸಾಯುತ್ತಿರುವಾಗ ಆ ಒಂದೆರಡು ಅಂಕ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಹಾನಿ ಆಗುವುದು ಎದುರಾಳಿ ಪುಸ್ತಕ ಬಿಟ್ಟು ಆಡಿದಾಗ. ಉರು ಹೊಡೆದವನು ಅದನ್ನು ಅಪರಾಧವೆಂದು ಭಾವಿಸಿ ತಕ್ಷಣ ಶಿಕ್ಷಿಸಲು ಹೊರಡುತ್ತಾನೆ. ಎಷ್ಟೋ ಸಲ ಆ ನಡೆಗೆ ಶಿಕ್ಷೆಯೇ ಇರುವುದಿಲ್ಲ. ಅದು ತುಸು ನಿಧಾನ, ಅಷ್ಟೆ. ಶಾಂತವಾಗಿ ತನ್ನ ಪಾಲು ತೆಗೆದುಕೊಂಡು ಬೇರೆ ಕಡೆ ಹೋಗಿದ್ದರೆ ಲಾಭ ಅವನದೇ ಆಗುತ್ತಿತ್ತು. ಇಲ್ಲದ ತಪ್ಪನ್ನು ಕತ್ತರಿಸಲು ಹೋಗಿ ತನ್ನ ಕಾಯಿಗಳನ್ನೇ ಎರಡು ಹೋಳು ಮಾಡಿಕೊಳ್ಳುತ್ತಾನೆ. ಪ್ರತಿ ನಡೆ ಯಾವುದನ್ನು ತಡೆಯುತ್ತಿತ್ತೆಂದು ತಿಳಿದಿದ್ದವನಿಗೆ, ಆ ನಡೆ ಬಾರದಿದ್ದಾಗ ಯಾವ ಬಾಗಿಲು ತೆರೆಯಿತೆಂದು ಕಾಣುತ್ತದೆ; ಯಾವುದೂ ತೆರೆಯಲಿಲ್ಲವೆಂಬುದೂ ಕಾಣುತ್ತದೆ.

ಆದ್ದರಿಂದ ಕಲಿಸುವವರಲ್ಲಿ ಒಂದು ಕೋರಿಕೆ. ಮೊದಲ ವರ್ಷ ಎರಡು ಮೂರು ಜೋಸೆಕಿ ಸಾಕು, ಅವುಗಳಲ್ಲಿ ಮೇಲೆ ಹೇಳಿದ ಮೂಲೆ ನುಗ್ಗುವಿಕೆ ಇರಲಿ. ಅದನ್ನು ಖಾಲಿ ಮಣೆಯ ಮೇಲೆ ತೋರಿಸಬೇಡಿ. ಎಡ ಅಂಚಿನಲ್ಲೊಂದು ಕಪ್ಪು ಕಾಯಿ, ಕೆಳ ಅಂಚಿನಲ್ಲೊಂದು ಬಿಳಿ ಕಾಯಿ ಇಟ್ಟು, ಯಾವ ಕಡೆಯಿಂದ ತಡೆಯುತ್ತೀಯೆಂದು ಕೇಳಿ. ಆಮೇಲೆ ಅಂಚಿನ ಕಾಯಿಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿ.