ಗುರುವಿನ ಸಾಕ್ಷ್ಯ

ಸಾಕ್ಷಿಯಾದವನು ತಾನಾಡಿದ ಮಾತಿಗೆ ಮಾತ್ರ ಹೊಣೆಗಾರನೋ, ಅಥವಾ ಆ ಮಾತು ಪರಭಾಷೆಗೆ ತಿರುಗಿದ ಬಳಿಕ ಕೇಳುವವನ ಮನಸ್ಸಿನಲ್ಲಿ ಹುಟ್ಟಿಸುವ ಅರ್ಥಕ್ಕೂ ಹೊಣೆಗಾರನೋ? ಈ ಪ್ರಶ್ನೆಯು ನನಗೆ ಗ್ರಂಥದಿಂದ ಬಂದುದಲ್ಲ; ಕಳಸದ ಕಡೆಯ ಒಬ್ಬ ಸಣ್ಣ ಬೆಳೆಗಾರರ ಮಗಳಿಂದ ಬಂದಿತು. ಅಮೆರಿಕಾ ದೇಶದ ವಿಶ್ವವಿದ್ಯಾನಿಲಯವೊಂದರಲ್ಲಿ ಸಸ್ಯಶಾಸ್ತ್ರವನ್ನು ಓದಬೇಕೆಂದು ಅರ್ಜಿ ಹಾಕಿದ ಆಕೆ, ಹಳೆಯ ಉಪಾಧ್ಯಾಯನಾದ ನನ್ನಲ್ಲಿ ಶಿಫಾರಸು ಪತ್ರವನ್ನು ಬೇಡಿದಳು. ನನ್ನ ಇಂಗ್ಲಿಷು ಅಷ್ಟಕ್ಕೆ ಸಾಲದು. ಆದುದರಿಂದ ಕನ್ನಡದಲ್ಲಿ ಬರೆದು ರುಜು ಮಾಡಿ, ಅನುವಾದವನ್ನು ಅದಕ್ಕೆ ಲಗತ್ತಿಸುವುದೆಂದು ನಿಶ್ಚಯವಾಯಿತು.

"ನಾನೇ ಇಂಗ್ಲಿಷಿಗೆ ಮಾಡಿಕೊಳ್ಳುತ್ತೇನೆ, ಮೇಷ್ಟ್ರೇ" ಎಂದಳು. ಇದು ಸಲ್ಲದು. ಅಮೆರಿಕಾದ 1974ರ ಕಾನೂನೊಂದರಂತೆ, ವಿಶ್ವವಿದ್ಯಾನಿಲಯವನ್ನು ಸೇರಿದ ವಿದ್ಯಾರ್ಥಿಯು ತನ್ನ ದಾಖಲೆಯಲ್ಲಿರುವ ಇಂತಹ ಪತ್ರವನ್ನು ನೋಡಲು ಹಕ್ಕುಳ್ಳವನು. ಆದರೆ ಆ ಹಕ್ಕನ್ನು ತಾನು ಬಿಟ್ಟಿರುವೆನೆಂದು ಅರ್ಜಿಯಲ್ಲಿಯೇ ಒಪ್ಪಿಕೊಳ್ಳಬಹುದು. ಆಕೆ ಹಾಗೆ ಒಪ್ಪಿಕೊಂಡಿದ್ದಳು. ನೋಡೆನೆಂದು ಮಾತು ಕೊಟ್ಟವಳೇ ಅನುವಾದಕ್ಕೆ ಕುಳಿತರೆ ಆ ಒಪ್ಪಿಗೆಗೆ ಅರ್ಥವುಂಟೇ? ಚಿಕ್ಕಮಗಳೂರಿನ ಅನುವಾದಕರೊಬ್ಬರಿಗೆ ಕೆಲಸವನ್ನು ವಹಿಸಿದೆ. ಎರಡು ಭಾಷೆಗಳನ್ನೂ ಬಲ್ಲೆನೆಂದೂ, ಅನುವಾದವು ಪೂರ್ಣವೂ ಯಥಾರ್ಥವೂ ಆಗಿದೆಯೆಂದೂ ಅವರು ಹೆಸರು, ವಿಳಾಸ, ತಾರೀಖುಗಳೊಡನೆ ಬರೆದು ರುಜು ಹಾಕಿದರು.

ನಾನು ಬರೆದಿದ್ದುದು ನಮ್ಮ ಸಂಪ್ರದಾಯದಂತೆ: "ಈ ಬಾಲಿಕೆಯು ಸಾಧುಸ್ವಭಾವದವಳು, ವಿಧೇಯಳು, ಗುರುಹಿರಿಯರಲ್ಲಿ ಭಕ್ತಿಯುಳ್ಳವಳು, ಓದಿನಲ್ಲಿ ಚೆನ್ನಾಗಿರುವಳು." ಅನುವಾದವು ಪದಕ್ಕೆ ಪದವಾಗಿ ಸರಿಯಾಗಿತ್ತು. ಮೂಡಿಗೆರೆಯಲ್ಲಿರುವ, ಇಂಗ್ಲಿಷ್ ಅಧ್ಯಾಪಕರಾಗಿದ್ದ ನನ್ನ ಮಿತ್ರರು ಅದನ್ನೋದಿ ನಕ್ಕರು. "ವಿಧೇಯಳೆಂಬುದು ನಿಮಗೆ ಸ್ತುತಿ. ಅಲ್ಲಿಯವರು 'ಒಬೀಡಿಯಂಟ್' ಎಂಬುದನ್ನೋದಿ, ಸ್ವಂತ ಬುದ್ಧಿಯಿಲ್ಲದ ಹುಡುಗಿಯೆಂದುಕೊಂಡಾರು. ನಿಮ್ಮ 'ಚೆನ್ನಾಗಿರುವಳು' ಎಂಬುದು ಅಲ್ಲಿ ಸಾಧಾರಣವೆಂದಂತೆ." ನಾವು ಪಾಠಶಾಲೆಯಲ್ಲಿ ಕಲಿತ ಪರಿಭಾಷೆಯಲ್ಲಿ ಹೇಳುವುದಾದರೆ, ಅಭಿಧೆಯು ಸಮುದ್ರವನ್ನು ದಾಟಿತು, ವ್ಯಂಜನೆಯು ದಾಟಲಿಲ್ಲ. ನೋಟರಿಯ ಮೊಹರು ರುಜುವಿಗೆ ಬಲ ಕೊಟ್ಟೀತು, ಧ್ವನಿಗೆ ಕೊಡಲಾರದು.

ಇದನ್ನು ಕೇಳಿದ ಅನುವಾದಕರು ಕೂಡಲೇ ಉಪಾಯ ಹೇಳಿದರು. "ಅಪ್ರತಿಮ ಪ್ರತಿಭೆ" ಎಂದು ತಿದ್ದಿಬಿಡುವುದಂತೆ. ಉಪಾಧ್ಯಾಯನು ತುಂಬಬೇಕಾದ ನಮೂನೆಯಲ್ಲಿಯೂ ನೂರರಲ್ಲಿ ಒಬ್ಬಳೆಂಬ ತುತ್ತತುದಿಯ ಮನೆಗೆ ಗುರುತು ಹಾಕುವುದಂತೆ. ಎಲ್ಲರೂ ಹಾಗೆಯೇ ಮಾಡುವರಂತೆ. ನನ್ನ ಮನಸ್ಸು ಒಂದು ಕ್ಷಣ ಓಲಾಡಿತೆಂದು ಒಪ್ಪಿಕೊಳ್ಳುತ್ತೇನೆ. ಆ ಮನೆತನಕ್ಕೆ ವಿದ್ಯಾರ್ಥಿವೇತನವಿಲ್ಲದೆ ದಾರಿಯಿಲ್ಲ. ಆದರೆ ವಸ್ತುವನ್ನು ಇದ್ದಂತೆ ಬಲ್ಲವನೂ, ಬಲ್ಲಂತೆ ತಿಳಿಸಬಯಸುವವನೂ ಆಪ್ತನೆಂದು ನೈಯಾಯಿಕರು ಹೇಳುವರಷ್ಟೆ. ಮೊದಲನೆಯ ಅನುವಾದದಲ್ಲಿ ನಾನು ಬಲ್ಲದ್ದು ತಿಳಿಯಲಿಲ್ಲ. ಎರಡನೆಯದರಲ್ಲಿ ನಾನು ಅರಿಯದ್ದು ಸೇರಿಕೊಂಡಿತು. ಎರಡೂ ಆಪ್ತವಾಕ್ಯವಲ್ಲ.

ಹಾಗಾದರೆ ನಾನು ನಿಜವಾಗಿ ಬಲ್ಲದ್ದೇನು? ಯೋಚಿಸಿದಾಗ ಒಂದು ಸಂಗತಿ ನೆನಪಾಯಿತು. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವುದು ವಾಡಿಕೆ. ಹೂಮಳೆಯು ಎಂದು, ಎಷ್ಟು ಬಿತ್ತೆಂಬುದರ ಮೇಲೆ ಕಾಫಿಯ ಫಸಲು ನಿಂತಿದೆ. ಈ ಹುಡುಗಿ ಎಂಟನೆಯ ತರಗತಿಯಿಂದ ಎರಡು ವರ್ಷ ದಿನಂಪ್ರತಿ ಮಳೆಯನ್ನಳೆದು, ಅದರ ಮೇಲೆ ನನಗೊಂದು ಪ್ರಬಂಧವನ್ನು ಬರೆದುಕೊಟ್ಟಳು. ನಾನು ಹೊಗಳಿ ಪೂರ್ಣ ಅಂಕ ಕೊಟ್ಟೆ. ಒಂದು ವಾರದ ಮೇಲೆ ತಾನಾಗಿಯೇ ಬಂದು, "ಮೊದಲ ಐದು ತಿಂಗಳು ಮಳೆಮಾಪಕವು ಸಿಲ್ವರ್ ಓಕ್ ಮರದ ಕೆಳಗಿತ್ತು, ಮೇಷ್ಟ್ರೇ. ಕೊಂಬೆಯು ಸಣ್ಣ ಮಳೆಯನ್ನು ತಡೆದಿದೆ, ನಿಂತ ಮೇಲೂ ತೊಟ್ಟಿಕ್ಕಿದೆ. ಆ ಅಂಕಿಗಳನ್ನು ನಂಬಬೇಡಿ" ಎಂದು ಆ ಪುಟಗಳಿಗೆ ಅಡ್ಡಗೀಟು ಎಳೆದಳು.

ಪತ್ರವನ್ನು ಹರಿದು, ಇದನ್ನೇ ಇದ್ದಂತೆ ಬರೆದೆ. ಒಂದು ವಿಶೇಷಣವನ್ನೂ ಹಾಕಲಿಲ್ಲ. ನಮೂನೆಯಲ್ಲಿ, ಪ್ರಾಮಾಣಿಕತೆಯ ಸಾಲಿಗೆ ಮಾತ್ರ ತುದಿಯ ಮನೆಯನ್ನೂ, ಉಳಿದವಕ್ಕೆ ನನಗೆ ತೋರಿದುದನ್ನೂ ಗುರುತಿಸಿದೆ. ಹೊಸ ಅನುವಾದವನ್ನು ಮಿತ್ರರಿಗೆ ಕೊಟ್ಟು, ಮೂಲವನ್ನು ತೋರಿಸದೆ, ಅದನ್ನು ಕನ್ನಡದಲ್ಲಿ ಹೇಳಿರೆಂದು ಕೇಳಿದೆ. ಮಳೆಮಾಪಕ, ಮರ, ಐದು ತಿಂಗಳು, ಅಡ್ಡಗೀಟು ಎಲ್ಲವೂ ಸುರಕ್ಷಿತವಾಗಿ ಹಿಂದಿರುಗಿದವು. ಹಿಂದಿನ ಪತ್ರವನ್ನು ಹೀಗೆ ಪರೀಕ್ಷಿಸಿದ್ದರೆ ನನ್ನ "ವಿಧೇಯಳು" "ಹೇಳಿದಷ್ಟು ಮಾಡುವವಳು" ಎಂದಾಗಿ ಬರುತ್ತಿತ್ತು.

ಈ ಮಾರ್ಗಕ್ಕೂ ಮಿತಿಯುಂಟು. ನಲವತ್ತು ಮಕ್ಕಳ ತರಗತಿಯಲ್ಲಿ ಎಲ್ಲರ ವಿಷಯದಲ್ಲಿಯೂ ಉಪಾಧ್ಯಾಯನಿಗೆ ಇಂತಹ ಸಂಗತಿ ತಿಳಿದಿರುವುದಿಲ್ಲ. ತಿಳಿಯದವನ ಮುಂದೆ ವಿದ್ಯಾರ್ಥಿ ಬಂದು ನಿಂತರೆ, "ನಿನ್ನನ್ನು ನನಗಿಂತ ಬಲ್ಲವರನ್ನು ಕೇಳಮ್ಮ" ಎನ್ನುವುದೇ ಧರ್ಮವೆಂದು ನನಗೆ ತೋರುತ್ತದೆ. ಆ ಮಾತನ್ನು ಹೇಳಲಾರದೆ, ಸಾಧು, ವಿಧೇಯ ಎಂದು ನಾನು ರುಜು ಹಾಕಿ ಕೊಟ್ಟ ಪತ್ರಗಳು ನನ್ನ ಸೇವಾವಧಿಯಲ್ಲಿ ಎಷ್ಟೋ ಇವೆ. ಅವು ಸುಳ್ಳಲ್ಲ, ಆದರೆ ಸಾಕ್ಷ್ಯವೂ ಅಲ್ಲ.