‘ನಮ್ಮ ದರ್ಶನ ಹೇಳುತ್ತದೆ’ ಎನ್ನುವ ಮೊದಲು

‘ಭಾರತೀಯ ದರ್ಶನವು ಈ ಜಗತ್ತನ್ನು ಮಾಯೆಯೆಂದು ಭಾವಿಸುತ್ತದೆ’ ಎಂಬ ಮಾತನ್ನು ನಾವು ಉಪನ್ಯಾಸಗಳಲ್ಲಿ ಕೇಳುತ್ತೇವೆ, ಲೇಖನಗಳಲ್ಲಿ ಓದುತ್ತೇವೆ. ಕೆಲವರು ಅದನ್ನು ಹೊಗಳಿಕೆಯಾಗಿ ಆಡುತ್ತಾರೆ. ಆ ಕಾರಣದಿಂದಲೇ ಈ ನಾಡು ಲೌಕಿಕದಲ್ಲಿ ಹಿಂದುಳಿಯಿತೆಂದು ಕೆಲವರು ತೆಗಳುತ್ತಾರೆ. ಹೊಗಳುವವರೂ ತೆಗಳುವವರೂ ಒಂದು ಪರಂಪರೆಗೆ ಒಂದೇ ಬಾಯಿ ಇದೆಯೆಂದು ನಂಬಿದಂತಿದೆ. ಈ ನಂಬಿಕೆಯಿಂದ ಯಾರಿಗೆ ಅನ್ಯಾಯವಾಗುತ್ತದೆ ಎಂಬುದೇ ಇಲ್ಲಿ ನಾವು ಕೇಳಬೇಕೆಂದಿರುವ ಪ್ರಶ್ನೆ.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು ಜಗತ್ತು ಸತ್ಯವೆಂದು ಪ್ರತಿಪಾದಿಸಿದರು. ಈಶ್ವರ ಮತ್ತು ಜೀವ, ಈಶ್ವರ ಮತ್ತು ಜಡ, ಜೀವ ಮತ್ತು ಜಡ, ಒಂದು ಜೀವ ಮತ್ತು ಇನ್ನೊಂದು ಜೀವ, ಒಂದು ಜಡ ಮತ್ತು ಇನ್ನೊಂದು ಜಡ, ಇವುಗಳ ನಡುವಣ ಐದು ಭೇದಗಳೂ ವಾಸ್ತವವೆಂಬುದು ಅವರ ಸಿದ್ಧಾಂತ. ಇಂದು ಕಾಸರಗೋಡು ಜಿಲ್ಲೆಗೆ ಸೇರಿರುವ ಕುಂಬಳೆ ಸೀಮೆಯಲ್ಲಿ ಅವರು ತ್ರಿವಿಕ್ರಮ ಪಂಡಿತರೊಡನೆ ಹಲವು ದಿನ ವಾದಿಸಿದರೆಂದು ‘ಸುಮಧ್ವವಿಜಯ’ ವರ್ಣಿಸುತ್ತದೆ. ಪಂಡಿತರು ಮೊದಲು ಅದ್ವೈತ ಪಕ್ಷದವರು; ಅನಂತರ ಶಿಷ್ಯರಾಗಿ, ಮಧ್ವರ ಬ್ರಹ್ಮಸೂತ್ರಭಾಷ್ಯಕ್ಕೆ ‘ತತ್ತ್ವಪ್ರದೀಪ’ವೆಂಬ ವ್ಯಾಖ್ಯಾನವನ್ನು ಬರೆದರು. ಈ ಚರಿತೆಯನ್ನು ರಚಿಸಿದವರು ಪಂಡಿತರ ಮಗನೇ ಆದುದರಿಂದ ಅದು ಗೆದ್ದ ಪಕ್ಷದ ಬರಹವೆಂಬುದನ್ನೂ ನಾವು ಮರೆಯಲಾಗದು. ಆದರೂ ಒಂದು ಸಂಗತಿ ಸ್ಪಷ್ಟ: ಜಗತ್ತು ಮಿಥ್ಯೆಯೋ ಸತ್ಯವೋ ಎಂಬುದು ನಮ್ಮ ಗಡಿಸೀಮೆಯ ವಿದ್ವಾಂಸರಿಗೆ ತಮ್ಮ ಬಾಳಿನ ದಾರಿಯನ್ನೇ ಬದಲಿಸಬಲ್ಲ ಪ್ರಶ್ನೆಯಾಗಿತ್ತು. ‘ಭಾರತೀಯ ದರ್ಶನ ಜಗತ್ತನ್ನು ಮಾಯೆಯೆನ್ನುತ್ತದೆ’ ಎಂದು ನಾವು ಬರೆದೊಡನೆ, ಮಧ್ವರು ಆಯುಷ್ಯವಿಡೀ ಖಂಡಿಸಿದ ಮಾತನ್ನು ಅವರ ಬಾಯಿಗೇ ತುರುಕಿದಂತಾಗುತ್ತದೆ.

ಹಾಗಾದರೆ ‘ಅದ್ವೈತ ಹೇಳುತ್ತದೆ’ ಎಂದು ಕಿರಿದಾಗಿಸಿಕೊಂಡರೆ ಸಾಕೆ? ಸ್ವಲ್ಪ ಮಟ್ಟಿಗೆ ಸಾಕು, ಪೂರ್ತಿಯಾಗಿ ಅಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ಹೊರಗಿನ ವಸ್ತುಗಳೇ ಇಲ್ಲವೆನ್ನುವ ಬೌದ್ಧ ವಿಜ್ಞಾನವಾದಿಗಳನ್ನು ಶಂಕರರೇ ನಿರಾಕರಿಸುತ್ತಾರೆ. ಎಚ್ಚರದ ಅನುಭವ ಕನಸಿನಂತಲ್ಲ, ಏಕೆಂದರೆ ಕನಸಿನಲ್ಲಿ ಕಂಡದ್ದು ಎಚ್ಚರದಲ್ಲಿ ಬಾಧಿತವಾಗುತ್ತದೆ ಎಂಬುದು ಅಲ್ಲಿ ಅವರ ವಾದ. ಅವರ ಪರಂಪರೆಯಲ್ಲಿ ‘ಮಿಥ್ಯೆ’ ಎಂಬುದಕ್ಕೆ ‘ಇಲ್ಲವೇ ಇಲ್ಲ’ ಎಂಬ ಅರ್ಥವಿಲ್ಲ; ಸತ್ತೆಂದೂ ಅಸತ್ತೆಂದೂ ನಿರ್ವಚಿಸಲಾಗದ್ದು ಎಂಬ ಸೂಕ್ಷ್ಮಾರ್ಥವಿದೆ. ಅವರ ಅನುಯಾಯಿಗಳಲ್ಲಿಯೂ ಒಮ್ಮತವಿಲ್ಲ. ಅವಿದ್ಯೆಗೆ ಆಶ್ರಯ ಜೀವವೆಂದು ಭಾಮತೀ ಪ್ರಸ್ಥಾನದವರೂ, ಬ್ರಹ್ಮವೇ ಎಂದು ವಿವರಣ ಪ್ರಸ್ಥಾನದವರೂ ಶತಮಾನಗಳ ಕಾಲ ಚರ್ಚಿಸಿದರು. ‘ಭಾರತೀಯ’ ಎಂಬಲ್ಲಿ ಆಗುವ ತಪ್ಪು ‘ಅದ್ವೈತ’ ಎಂಬಲ್ಲಿಯೂ ಚಿಕ್ಕ ರೂಪದಲ್ಲಿ ಮರಳಿ ಬರಬಲ್ಲದು.

ಭಿನ್ನಮತಗಳನ್ನು ಭಿನ್ನವಾಗಿಯೇ ನಿರೂಪಿಸುವ ಕ್ರಮವನ್ನು ನಮ್ಮ ಹಿಂದಿನವರು ಬಲ್ಲವರಾಗಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಕಾಲದ ಮಾಧವಾಚಾರ್ಯರು ‘ಸರ್ವದರ್ಶನಸಂಗ್ರಹ’ದಲ್ಲಿ ಚಾರ್ವಾಕದಿಂದ ಆರಂಭಿಸಿ 16 ದರ್ಶನಗಳನ್ನು ವಿವರಿಸುತ್ತಾರೆ. ತಾವು ಅದ್ವೈತಿಯಾಗಿದ್ದೂ ಮಧ್ವರ ದರ್ಶನಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಡುತ್ತಾರೆ. ಶಾಂಕರ ದರ್ಶನವನ್ನು ಕೊನೆಯಲ್ಲಿರಿಸಿದ ಆ ಅನುಕ್ರಮವೂ ಒಂದು ಪಕ್ಷವನ್ನು ಹಿಡಿಯುತ್ತದೆ, ನಿಜ. ಆದರೆ ಎದುರಾಳಿಯ ಮಾತನ್ನು ಎದುರಾಳಿಯ ಮಾತಾಗಿಯೇ ಉಳಿಸುವ ಪ್ರಾಮಾಣಿಕತೆ ಅದರಲ್ಲಿದೆ.

ಇದರಿಂದ ಪರಂಪರೆಯ ಕುರಿತು ಏನನ್ನೂ ಒಟ್ಟಾಗಿ ಹೇಳಕೂಡದೆಂದು ಅರ್ಥವಲ್ಲ. ಈ ವಾದಿಗಳಿಗೆ ಸಮಾನವಾದದ್ದು ಉಂಟು. ಅರಿವಿಗೆ ಪ್ರಮಾಣ ಯಾವುದೆಂಬ ಪ್ರಶ್ನೆ, ಪೂರ್ವಪಕ್ಷವನ್ನು ಮೊದಲು ಮಂಡಿಸಿ ಅನಂತರ ಸಿದ್ಧಾಂತವನ್ನು ಹೇಳುವ ಶಿಸ್ತು, ಪರಸ್ಪರರ ಪಾರಿಭಾಷಿಕ ಪದಗಳ ಪರಿಚಯ, ಇವು ಅವರನ್ನು ಒಂದೇ ಸಭೆಯಲ್ಲಿ ಕೂರಿಸಿದ್ದವು. ಅವರನ್ನು ಒಂದಾಗಿಸಿದ್ದು ಪ್ರಶ್ನೆಗಳು. ಉತ್ತರಗಳು ಬೇರೆಬೇರೆಯೇ ಆಗಿದ್ದವು.

ಆದುದರಿಂದ ಬರೆಯುವವರಿಗೆ ಒಂದು ಸರಳ ಪರೀಕ್ಷೆಯಿದೆ. ‘ಪರಂಪರೆ ಹೇಳುತ್ತದೆ’ ಎಂದು ಬರೆದಲ್ಲಿ, ಹೇಳಿದವರ ಹೆಸರನ್ನೂ ಗ್ರಂಥವನ್ನೂ ಕಾಲವನ್ನೂ ಇಟ್ಟು ನೋಡುವುದು. ಇಟ್ಟ ಮೇಲೆ ವಾಕ್ಯ ನಿಂತರೆ ಹಾಗೆಯೇ ಬರೆಯೋಣ. ನಿಲ್ಲದಿದ್ದರೆ ಆ ಮಾತು ನಮ್ಮ ಕಲ್ಪನೆಯದು. ಮುಂದಿನ ಹೆಜ್ಜೆಯಾಗಿ, ಅದೇ ಪರಂಪರೆಯೊಳಗೆ ಇದನ್ನು ಒಪ್ಪದವರು ಯಾರೆಂದು ಕೇಳಬೇಕು. ಅವರ ಹೆಸರು ದೊರೆತರೆ ಲೇಖನದಲ್ಲಿ ಅವರಿಗೂ ಒಂದು ವಾಕ್ಯದ ಜಾಗವಿರಲಿ.

‘ಗಡಿಯ ಕನ್ನಡಿಗರು ಹೀಗೆಯೇ’ ಎಂದು ಒಂದೇ ಮಾತಿನಲ್ಲಿ ಬರೆದರೆ ನಮ್ಮಲ್ಲಿ ಯಾರೂ ಸುಮ್ಮನಿರಲಾರೆವು. ತಲೆಮಾರುಗಳಿಂದ ಇಲ್ಲಿರುವ ನಮ್ಮ ಮನೆಗಳಲ್ಲಿ ಒಂದೊಂದು ಬಗೆಯ ಕನ್ನಡವಿದೆ, ಒಂದೊಂದು ಬಗೆಯ ಆಚಾರವಿದೆ. ನಮಗಾಗಿ ಬಯಸುವ ಈ ನ್ಯಾಯವನ್ನು ಏಳು ಶತಮಾನಗಳ ಹಿಂದೆ ಕುಂಬಳೆ ಸೀಮೆಯಲ್ಲಿ ವಾದಿಸಿದವರಿಗೂ ಸಲ್ಲಿಸುವುದು ನಮ್ಮ ಲೇಖನಿಯ ಋಣವಾಗಿದೆ.